ಸ್ನಾಯು ಮುಂದೆ, ರಜ್ಜು ಹಿಂದೆ

ಹೊಸದಾಗಿ ಜಿಮ್ ಸೇರಿದ ಯುವಕ 40 ಕಿಲೋ ಹೊತ್ತು ಸ್ಕ್ವಾಟ್ ಶುರುಮಾಡುತ್ತಾನೆ ಎನ್ನಿ. ಎರಡು ತಿಂಗಳಲ್ಲಿ ಅದು 60 ಆಗುತ್ತದೆ. ಮೊದಲ ವಾರಗಳ ಈ ಏರಿಕೆ ಹೆಚ್ಚಾಗಿ ನರಗಳದ್ದು. ಇರುವ ಸ್ನಾಯುವನ್ನೇ ಮಿದುಳು ಚೆನ್ನಾಗಿ ದುಡಿಸುತ್ತದೆ. ಸ್ನಾಯು ದಪ್ಪವಾಗುವುದು ಆಮೇಲೆ. ಆದರೆ ಆ ಬಲವನ್ನೆಲ್ಲ ಮೂಳೆಗೆ ದಾಟಿಸುವುದು ಮಂಡಿಚಿಪ್ಪಿನ ಕೆಳಗಿನ ಸ್ನಾಯುರಜ್ಜು. ಅದು ಬಿಗಿಯಾಗಲು ಸಾಮಾನ್ಯವಾಗಿ ಮೂರು ತಿಂಗಳಾದರೂ ಬೇಕು.

ಇಷ್ಟು ನಿಧಾನವೇಕೆ? ರಜ್ಜುವಿನಲ್ಲಿ ಜೀವಕೋಶಗಳೂ ರಕ್ತನಾಳಗಳೂ ಕಡಿಮೆ. ಬಹುಪಾಲು ಕೊಲಾಜನ್ ಎಳೆಗಳೇ. 1955ರಿಂದ 1963ರವರೆಗಿನ ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಯಲ್ಲಿ ಕಾರ್ಬನ್-14 ಏರಿತ್ತು, ಆಹಾರದ ಮೂಲಕ ಎಲ್ಲರ ದೇಹಕ್ಕೂ ಸೇರಿತ್ತು. ಡೆನ್ಮಾರ್ಕಿನ ಸಂಶೋಧಕರು 2013ರಲ್ಲಿ ಅದೇ ಗುರುತು ಹಿಡಿದು ಹಿಮ್ಮಡಿಯ ಅಕಿಲಿಸ್ ರಜ್ಜುವಿನ ವಯಸ್ಸು ಅಳೆದರು. ಎಂಥ ಸೊಗಸಾದ ಉಪಾಯ! ರಜ್ಜುವಿನ ತಿರುಳು ಸುಮಾರು 17ನೇ ವಯಸ್ಸಿನೊಳಗೆ ರೂಪುಗೊಂಡದ್ದು, ಆಮೇಲೆ ಹೆಚ್ಚುಕಡಿಮೆ ಹಾಗೆಯೇ ಉಳಿದದ್ದು. ಸ್ನಾಯು ಮಾತ್ರ ನವೀಕರಣಗೊಳ್ಳುತ್ತಲೇ ಇತ್ತು.

ಹಾಗೆಂದು ವಯಸ್ಕರ ರಜ್ಜು ಬದಲಾಗುವುದೇ ಇಲ್ಲ ಎಂದಲ್ಲ. ಭಾರವಾದ ತೂಕವನ್ನು ನಿಧಾನವಾಗಿ, ಕೆಲವು ಸೆಕೆಂಡು ಹಿಡಿದು ಎತ್ತಿದರೆ ಅದು ಬಿಗಿಯಾಗುತ್ತದೆ. ಹಗುರ ತೂಕ ಸ್ನಾಯುವನ್ನು ಬೆಳೆಸಬಹುದು, ರಜ್ಜುವಿಗೆ ಅಷ್ಟಾಗಿ ತಟ್ಟುವುದಿಲ್ಲ. ಬಲಗೊಂಡ ಸ್ನಾಯು ಹಳೆಯ ರಜ್ಜುವನ್ನು ಹೆಚ್ಚು ಎಳೆಯುವಾಗಲೇ ತೊಂದರೆ. ಮಂಡಿಚಿಪ್ಪಿನ ಕೆಳತುದಿಯಲ್ಲಿ ಬೆರಳಿಟ್ಟು ತೋರಿಸಬಹುದಾದ ನೋವು, ಮೈ ಬಿಸಿಯಾದಾಗ ಮಾಯವಾಗಿ ಮರುದಿನ ಬೆಳಿಗ್ಗೆ ಮರಳಿದರೆ, ತೂಕ ಏರಿಸುವುದನ್ನು ನಿಲ್ಲಿಸಿ, ಜಿಗಿತಗಳನ್ನು ಕಡಿಮೆ ಮಾಡಬೇಕು. ಪೂರ್ತಿ ವಿಶ್ರಾಂತಿ ಬೇಡ, ಹೊರೆಯಿಲ್ಲದ ರಜ್ಜು ಇನ್ನಷ್ಟು ಸಡಿಲವಾಗುತ್ತದೆ.