ಮೊದಲ ವಾಕ್ಯದಲ್ಲೇ ವಿಷಯ ಬರಲಿ

ಕಂಪನಿಗಳಲ್ಲಿ ಇಡೀ ಸಿಬ್ಬಂದಿಯನ್ನು ಕೂಡಿಸಿ ನಡೆಸುವ ಸಭೆಗೆ ಟೌನ್‌ಹಾಲ್ ಎನ್ನುತ್ತಾರೆ. ರಾತ್ರಿ ಪಾಳಿಯವರು, ರಜೆಯಲ್ಲಿದ್ದವರು ಅದನ್ನು ತಪ್ಪಿಸಿಕೊಂಡಿರುತ್ತಾರೆ. ಅವರಿಗಾಗಿ ಆಮೇಲೆ ಎರಡು-ಮೂರು ನಿಮಿಷದ ವಿಡಿಯೊ ಹೋಗುತ್ತದೆ. ಸಭೆಯಲ್ಲಿ ಹೊಸ ನಿಯಮ ಪ್ರಕಟವಾಗಿದ್ದರೆ ಆ ವಿಡಿಯೊಗೆ ಮಾತು ಬರೆಯುವುದು ನಾಜೂಕಿನ ಕೆಲಸ.

ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಚೇರಿಯನ್ನು ಊಹಿಸಿಕೊಳ್ಳಿ. 2020ರಿಂದ ಮನೆಯಲ್ಲೇ ಕೆಲಸ ಮಾಡುತ್ತಿದ್ದವರು ಇನ್ನು ವಾರಕ್ಕೆ ಮೂರು ದಿನ ಬರಬೇಕು. ಮೊದಲ ಕರಡು ಸಾಮಾನ್ಯವಾಗಿ “ನಮ್ಮದೊಂದು ಕುಟುಂಬ” ಎಂದು ಶುರುವಾಗುತ್ತದೆ. ಅರ್ಧ ನಿಮಿಷವಾದರೂ ವಿಷಯ ಬರುವುದಿಲ್ಲ. ನೋಡುವವರಿಗೆ ಅಷ್ಟರಲ್ಲಿ ಕೆಟ್ಟ ಸುದ್ದಿಯ ಸುಳಿವು ಸಿಕ್ಕಿರುತ್ತದೆ, ಕಾಯಿಸಿದಷ್ಟೂ ಆತಂಕ ಏರುತ್ತದೆ. ಹಾಗಾಗಿ ನಾನಾದರೆ ಹೀಗೆ ಬರೆಯುತ್ತೇನೆ: “ಜುಲೈ 1ರಿಂದ ಮಂಗಳವಾರ, ಬುಧವಾರ, ಗುರುವಾರ ನಾವೆಲ್ಲ ಕಚೇರಿಗೆ ಬಂದು ಕೆಲಸ ಮಾಡಬೇಕು. ಹೊಸಬರಿಗೆ ಪಕ್ಕದಲ್ಲಿ ಕೂತು ಕಲಿಸುವವರಿಲ್ಲದಿರುವುದೇ ಇದಕ್ಕೆ ಕಾರಣ.”

“ನಿಮ್ಮ ಕಷ್ಟ ನಮಗೆ ಅರ್ಥವಾಗುತ್ತದೆ” ಎಂಬ ಸಾಲನ್ನು ಹೊಡೆದುಹಾಕುತ್ತೇನೆ. ಯಾರ ಕಷ್ಟ, ಎಂಥ ಕಷ್ಟ ಎಂಬುದು ಅದರಲ್ಲಿಲ್ಲ. “ಹಾಸನಕ್ಕೋ ಧಾರವಾಡಕ್ಕೋ ಮರಳಿ ವಯಸ್ಸಾದ ತಂದೆ-ತಾಯಿಯ ಜೊತೆ ಇರುವವರಿಗೆ ಇದು ಎಲ್ಲರಿಗಿಂತ ಕಷ್ಟ. ಅವರಿಗೆ ಸೆಪ್ಟೆಂಬರ್ ಕೊನೆಯವರೆಗೆ ಸಮಯವಿದೆ” ಎಂದರೆ ಮಾತಿಗೆ ತೂಕ ಬರುತ್ತದೆ. ಕಷ್ಟದ ಹೆಸರು ಹೇಳಿದ ಬೆನ್ನಿಗೇ ಅದಕ್ಕೆ ಮಾಡಿದ್ದೇನು ಎಂಬುದೂ ಬರಬೇಕು. ಇನ್ನೊಂದು ಎಚ್ಚರಿಕೆ: 50 ಅಥವಾ ಹೆಚ್ಚು ಉದ್ಯೋಗಿಗಳಿರುವಲ್ಲಿ ಶಿಶುಪಾಲನಾ ಕೇಂದ್ರದ ಸೌಲಭ್ಯ ಇರಬೇಕು ಎಂದು ಕಾನೂನೇ ಹೇಳುತ್ತದೆ. ಅದನ್ನು ಕಂಪನಿಯ ಔದಾರ್ಯದಂತೆ ಹೇಳಿದರೆ ಕಾನೂನು ತಿಳಿದ ತಾಯಂದಿರಿಗೆ ಉಳಿದ ಮಾತಿನ ಮೇಲೂ ನಂಬಿಕೆ ಹೋಗುತ್ತದೆ.

ಸಭೆಯಲ್ಲಿ ಯಾರೋ “ಕ್ಯಾಬ್ ಕೊಡ್ತೀರಾ?” ಎಂದು ಕೇಳಿರುತ್ತಾರೆ, ವೇದಿಕೆಯ ಮೇಲಿದ್ದವರು ತಡವರಿಸಿರುತ್ತಾರೆ. ಸಂಕಲನದಲ್ಲಿ ಆ ಭಾಗಕ್ಕೇ ಕತ್ತರಿ ಬೀಳುತ್ತದೆ. ಇದು ದೊಡ್ಡ ತಪ್ಪು. ಸಭೆಯಲ್ಲಿದ್ದವರು ಚಹಾ ಹೊತ್ತಿನಲ್ಲಿ ಅದನ್ನೇ ಹೇಳಿಕೊಳ್ಳುತ್ತಾರೆ, ವಿಡಿಯೊ ಏನನ್ನೋ ಮುಚ್ಚಿಟ್ಟಂತೆ ಕಾಣುತ್ತದೆ. “ಕ್ಯಾಬ್ ಬಗ್ಗೆ ಇನ್ನೂ ತೀರ್ಮಾನವಾಗಿಲ್ಲ, ಜೂನ್ 10ಕ್ಕೆ ತಿಳಿಸುತ್ತೇವೆ” ಎಂದರೆ ಸಾಕು. ಆ ದಿನ ತಿಳಿಸಲೇಬೇಕು.

ಕೊನೆಗೆ ಮಾಡಬೇಕಾದ ಕೆಲಸ: “ವಿನಾಯಿತಿ ಬೇಕಾದವರು ಜೂನ್ 15ರೊಳಗೆ ಎಚ್‌ಆರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಐದು ಕೆಲಸದ ದಿನಗಳಲ್ಲಿ ಉತ್ತರ ಬರುತ್ತದೆ.” ಯಾರ ಅರ್ಜಿಗೆ ಏನಾಗುತ್ತದೆ ಎಂಬ ಮಾತು ವಿಡಿಯೊದಲ್ಲಿ ಬೇಡ, ಅದು ಮ್ಯಾನೇಜರ್ ಎದುರು ಕೂತು ಆಡುವ ಮಾತು. ಅದಕ್ಕೇ ಮ್ಯಾನೇಜರುಗಳಿಗೆ ಒಂದು ದಿನ ಮೊದಲೇ ವಿಡಿಯೊ ತೋರಿಸಬೇಕು.

ಕಳಿಸುವ ಮುನ್ನ, ಸಭೆಗೆ ಬಾರದ ಒಬ್ಬರಿಗೆ ಒಮ್ಮೆ ತೋರಿಸಿ ಕೇಳಿ: ಎಂದಿನಿಂದ? ನಿಮಗೆ ಅನ್ವಯಿಸುತ್ತದೆಯೇ? ಯಾವಾಗ ಏನು ಮಾಡಬೇಕು? ಮೇಲಿನ ಕರಡಿನಲ್ಲಿ, ಗ್ರಾಹಕರ ಕಚೇರಿಯಲ್ಲೇ ಕೂತು ಕೆಲಸ ಮಾಡುವವರು ಎರಡನೆಯ ಪ್ರಶ್ನೆಗೆ ನಿಂತುಬಿಡುತ್ತಾರೆ. ಅವರಿಗಾಗಿ ಒಂದು ವಾಕ್ಯ ಇನ್ನೂ ಬರೆಯಬೇಕಿದೆ.