ನಾಲ್ಕು ಸಾವಿರ ಇಮೇಲ್, ಓದಿದವರೆಷ್ಟು?

ಒಂದು ಸಣ್ಣ ಪ್ರಕಾಶನ ಸಂಸ್ಥೆ ತಿಂಗಳಿಗೊಮ್ಮೆ ತನ್ನ ಓದುಗರಿಗೆ ಹೊಸ ಪುಸ್ತಕಗಳ ವಿವರವನ್ನು ಇಮೇಲ್‌ನಲ್ಲಿ ಕಳಿಸುತ್ತದೆ ಎಂದಿಟ್ಟುಕೊಳ್ಳಿ. ಈ ಸಲ ಹೋಗಿದ್ದು 4,000. ವಿಳಾಸ ಸರಿಯಿಲ್ಲದೆ 80 ವಾಪಸ್ ಬಂದವು, 3,920 ತಲುಪಿದವು. ಮರುದಿನ ವರದಿ ಹೀಗಿದೆ: ಓಪನ್ ರೇಟ್ ಶೇ 45, ಕ್ಲಿಕ್ ರೇಟ್ ಶೇ 3.6, ಅನ್‌ಸಬ್‌ಸ್ಕ್ರೈಬ್ ಶೇ 0.3. ಅರ್ಧಕ್ಕರ್ಧ ಜನ ಓದಿದ್ದಾರಲ್ಲ ಎಂದು ಕಚೇರಿಯಲ್ಲಿ ಎಲ್ಲರಿಗೂ ಖುಷಿ. ಅನುಮಾನ ಪಡಬೇಕಾದದ್ದೂ ಆ ಅಂಕಿಯನ್ನೇ.

ಇಮೇಲ್ ತೆರೆದದ್ದು ಕಳಿಸಿದವರಿಗೆ ಗೊತ್ತಾಗುವುದಾದರೂ ಹೇಗೆ? ಪತ್ರದೊಳಗೆ ಕಣ್ಣಿಗೆ ಕಾಣದಷ್ಟು ಚಿಕ್ಕ, ಒಂದೇ ಪಿಕ್ಸೆಲ್‌ನ ಚಿತ್ರವೊಂದು ಇರುತ್ತದೆ. ಪ್ರತಿಯೊಬ್ಬರ ಪತ್ರದಲ್ಲೂ ಅದರ ವಿಳಾಸ ಬೇರೆ. ಪತ್ರ ತೆರೆದಾಗ ಆ ಚಿತ್ರವನ್ನು ಸರ್ವರ್‌ನಿಂದ ತರಿಸಿಕೊಳ್ಳಬೇಕಾಗುತ್ತದೆ. ಯಾರ ಚಿತ್ರವನ್ನು ಕೇಳಿದರೋ ಅವರು ಪತ್ರ ತೆರೆದರೆಂದು ಲೆಕ್ಕ. ಓದಿದರೋ, ಅಳಿಸಿದರೋ ಎಂಬುದು ಆ ಸರ್ವರ್‌ಗೆ ತಿಳಿಯುವ ಮಾತಲ್ಲ.

2021ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ಕಂಪನಿ ಐಫೋನ್‌ನ ಮೇಲ್ ಆ್ಯಪ್‌ನಲ್ಲಿ ಖಾಸಗಿತನ ಕಾಯುವ ಸೌಲಭ್ಯವೊಂದನ್ನು ತಂದಿತು. ಅದನ್ನು ಒಪ್ಪಿಕೊಂಡವರ ಪತ್ರದ ಚಿತ್ರಗಳನ್ನೆಲ್ಲ ಆ್ಯಪಲ್‌ನ ಸರ್ವರ್‌ಗಳೇ ಮುಂಚಿತವಾಗಿ ತರಿಸಿಡುತ್ತವೆ. ಪತ್ರವನ್ನು ಮುಟ್ಟದವರೂ ಆಮೇಲೆ ‘ತೆರೆದವರ’ ಪಟ್ಟಿಗೆ ಸೇರಿಬಿಟ್ಟರು. ಇದಕ್ಕೆ ತದ್ವಿರುದ್ಧ ತಪ್ಪೂ ಉಂಟು. ಚಿತ್ರಗಳನ್ನು ತಡೆಹಿಡಿದು ಪೂರ್ತಿ ಪತ್ರ ಓದಿದವರು ಲೆಕ್ಕಕ್ಕೇ ಸಿಗುವುದಿಲ್ಲ. ಪತ್ರದ ಕೋಡ್ 102 ಕೆಬಿ ಮೀರಿದರೆ ಜಿಮೇಲ್ ಉಳಿದ ಭಾಗವನ್ನು ಮಡಚಿಡುತ್ತದೆ. ಎಣಿಕೆಯ ಚಿತ್ರ ಕೊನೆಯಲ್ಲಿದ್ದರೆ ಅದೂ ಮಡಿಕೆಯೊಳಗೆ.

ನಮ್ಮ ಪ್ರಕಾಶಕರ ವರದಿಯಲ್ಲಿ ತೆರೆದವರು 1,764. ಇಮೇಲ್ ಕಳಿಸುವ ಹಲವು ಸಾಧನಗಳಲ್ಲಿ ಆ್ಯಪಲ್‌ನ ಈ ಎಣಿಕೆಯನ್ನು ಬಿಟ್ಟು ನೋಡುವ ಅವಕಾಶವಿದೆ. ಬಿಟ್ಟು ನೋಡಿದರೆ ಉಳಿಯುವುದು 614. ಇದೂ ನಿಖರವಲ್ಲ. ಆದರೆ ಇದೇ ಜರಡಿಯಲ್ಲಿ ಸೋಸಿದ ಹೋದ ತಿಂಗಳ ಅಂಕಿ 640 ಆಗಿದ್ದರೆ, ಓದುಗರ ಆಸಕ್ತಿಯಲ್ಲಿ ದೊಡ್ಡ ಏರುಪೇರಾಗಿಲ್ಲ ಎನ್ನಬಹುದು. ಓಪನ್ ರೇಟ್‌ನಿಂದ ಈಗ ಆಗುವ ಉಪಕಾರ ಅಷ್ಟೇ. ಜಿಮೇಲ್ ಓದುಗರ ಎಣಿಕೆ ಮಾತ್ರ ಒಮ್ಮೆಲೇ ಕುಸಿದರೆ, ಪತ್ರಗಳು ಸ್ಪ್ಯಾಮ್ ಪೆಟ್ಟಿಗೆಗೆ ಬೀಳುತ್ತಿವೆಯೇ ಎಂದು ನೋಡಬೇಕು. ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದ ಪತ್ರವೂ ವರದಿಯಲ್ಲಿ ‘ತಲುಪಿದೆ’ ಎಂದೇ ಇರುತ್ತದೆ.

ಕ್ಲಿಕ್ ಇದಕ್ಕಿಂತ ಗಟ್ಟಿ ಸಾಕ್ಷಿ, ಬೆರಳು ಒತ್ತಿದ್ದು ಮನುಷ್ಯನದೇ ಆಗಿದ್ದರೆ. ಕಂಪನಿ, ಕಾಲೇಜುಗಳ ಇಮೇಲ್‌ಗೆ ಕಾವಲಿರುವ ಭದ್ರತಾ ತಂತ್ರಾಂಶ ಬಂದ ಪತ್ರದ ಲಿಂಕುಗಳನ್ನು ತಾನೇ ತೆರೆದು, ಮೋಸವಿದೆಯೇ ಎಂದು ಪರೀಕ್ಷಿಸುವುದುಂಟು. ಗುರುತು ಹಿಡಿಯುವುದು ಕಷ್ಟವಲ್ಲ. ಪತ್ರ ತಲುಪಿದ ಕೆಲವೇ ಸೆಕೆಂಡುಗಳಲ್ಲಿ, ಯಾರೂ ನೋಡದ ಅಡಿಟಿಪ್ಪಣಿಯ ಲಿಂಕೂ ಸೇರಿದಂತೆ ಎಲ್ಲವೂ ಕ್ಲಿಕ್ ಆಗಿರುತ್ತವೆ. ಕೆಲವರು ಓದುಗರಿಗೆ ಕಾಣದ ಲಿಂಕೊಂದನ್ನು ಬೇಕೆಂದೇ ಇಡುತ್ತಾರೆ. ಅದನ್ನು ತೆರೆದದ್ದು ಯಂತ್ರವೇ. ಪ್ರಕಾಶಕರ 141 ಕ್ಲಿಕ್‌ದಾರರಲ್ಲಿ 38 ಮಂದಿ ಒಂದೇ ಕಾಲೇಜಿನ ವಿಳಾಸದವರು, ಎಲ್ಲ ಲಿಂಕನ್ನೂ ಒಂದೇ ನಿಮಿಷದಲ್ಲಿ ತೆರೆದಿದ್ದಾರೆ. ಅವರನ್ನು ಕಳೆದರೆ 103. ಅವರಲ್ಲಿ ಪುಸ್ತಕ ಕೊಂಡವರು 22. ಮುಂದಿನ ಪತ್ರ ಹೇಗಿರಬೇಕೆಂದು ತೀರ್ಮಾನಿಸಲು ನಾನಾದರೆ ಶೇ 45 ಅನ್ನು ಬದಿಗಿಟ್ಟು ಈ ಎರಡು ಅಂಕಿಗಳನ್ನೇ ಹಿಡಿಯುತ್ತೇನೆ. 103 ಮಂದಿ ಪುಸ್ತಕದ ಪುಟದವರೆಗೆ ಬಂದು 81 ಮಂದಿ ಹಾಗೇ ಹೋದರೆಂದರೆ, ತಿದ್ದಬೇಕಾದದ್ದು ಬಹುಶಃ ಇಮೇಲನ್ನಲ್ಲ. ಬೆಲೆಯನ್ನೋ, ಅಂಚೆ ವೆಚ್ಚವನ್ನೋ, ಆ ಪುಟವನ್ನೋ.

ಇನ್ನು ‘ನಮಗೆ ಬೇಡ’ ಎಂದು ಹೊರನಡೆದ 12 ಮಂದಿ. ಇವರ ಬಗ್ಗೆ ಪ್ರಕಾಶಕರಿಗೆ ಬೇಸರ ಸಹಜ, ಆದರೆ ಇವರು ಮರ್ಯಾದೆಯಿಂದ ಬಾಗಿಲು ಹಾಕಿಕೊಂಡು ಹೋದವರು. ಭಯಪಡಬೇಕಾದದ್ದು ಅದೇ ಸಿಟ್ಟಿನಲ್ಲಿ ಸ್ಪ್ಯಾಮ್ ಗುಂಡಿ ಒತ್ತುವವರಿಗೆ. ಸ್ಪ್ಯಾಮ್ ದೂರು ಶೇ 0.1ರೊಳಗಿರಲಿ, ಶೇ 0.3ನ್ನು ಮುಟ್ಟದಿರಲಿ ಎನ್ನುತ್ತದೆ ಜಿಮೇಲ್. ಅಂದರೆ ಸಾವಿರಕ್ಕೆ ಮೂವರು ದೂರಿದರೂ ಉಳಿದವರಿಗೆ ಪತ್ರ ತಲುಪುವುದು ಕಷ್ಟವಾಗಬಹುದು. ದೂರಿದವರು ಯಾರೆಂದು ಜಿಮೇಲ್ ಹೇಳುವುದಿಲ್ಲ. ಗೂಗಲ್‌ನ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಒಟ್ಟು ಪ್ರಮಾಣವಷ್ಟೇ ಕಾಣುತ್ತದೆ. ದಿನಕ್ಕೆ 5,000ಕ್ಕಿಂತ ಹೆಚ್ಚು ಪತ್ರಗಳನ್ನು ಜಿಮೇಲ್‌ಗೆ ಕಳಿಸುವವರು ಒಂದೇ ಕ್ಲಿಕ್‌ನಲ್ಲಿ ಹೊರಹೋಗುವ ಸೌಲಭ್ಯ ಕೊಡಬೇಕೆಂಬ ನಿಯಮ 2024ರಲ್ಲಿ ಜಾರಿಗೆ ಬಂದದ್ದೂ ಈ ಹಿನ್ನೆಲೆಯಲ್ಲೇ. ಹೊರಹೋಗುವ ಲಿಂಕನ್ನು ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಅಡಗಿಸಿಟ್ಟರೆ ವರದಿ ಚೆಂದ ಕಾಣುತ್ತದೆ, ದೂರು ಹೆಚ್ಚುತ್ತದೆ.

ಹೊರಹೋದವರ ಸಂಖ್ಯೆಗಿಂತ ಅವರು ಎಲ್ಲಿಂದ ಬಂದವರೆಂಬುದು ಮುಖ್ಯ. ಆ 12ರಲ್ಲಿ 9 ಮಂದಿ ಒಂದೇ ಪುಸ್ತಕ ಮೇಳದಲ್ಲಿ ಬಿಲ್ಲಿಗಾಗಿ ಇಮೇಲ್ ವಿಳಾಸ ಬರೆದುಕೊಟ್ಟವರು ಎಂದಾದರೆ, ಅವರು ಪತ್ರ ಕಳಿಸಿ ಎಂದು ಕೇಳಿಯೇ ಇರಲಿಲ್ಲ. ಆ ಮೇಳದಿಂದ ಬಂದ ಉಳಿದ ವಿಳಾಸಗಳು ಇನ್ನೂ ಪಟ್ಟಿಯಲ್ಲಿವೆ. ಮುಂದಿನ ತಿಂಗಳ ಪತ್ರಕ್ಕೆ ಮೊದಲು ಅವನ್ನು ಬೇರೆ ಮಾಡಬೇಕು.