ಗರ್ಭನಿರೋಧಕ ಮಾತ್ರೆ ಮರೆತರೆ ಏನು ಮಾಡಬೇಕು? ಲೆಕ್ಕ ಇರೋದು 48 ಗಂಟೆಯಲ್ಲಿ

‘ದಿನಾ ಒಂದೇ ಹೊತ್ತಿಗೆ ತಗೊಳ್ಳಿ.’ ಗರ್ಭನಿರೋಧಕ ಮಾತ್ರೆ ಕೊಡುವಾಗ ಹೇಳುವ ಮಾತು ಹೆಚ್ಚಾಗಿ ಇಲ್ಲಿಗೇ ನಿಲ್ಲುತ್ತದೆ. ಮರೆತರೆ ಏನು ಮಾಡಬೇಕು ಅಂತ ಕೇಳೋಕೆ ಮುಜುಗರ, ಹೇಳೋಕೆ ಪುರುಸೊತ್ತಿಲ್ಲ. ಆದರೆ ಒಂದೂ ತಪ್ಪದೆ ತಗೊಂಡರೆ, ಮೊದಲ ವರ್ಷದಲ್ಲಿ 100 ಮಹಿಳೆಯರಲ್ಲಿ ಒಬ್ಬರು ಗರ್ಭಿಣಿಯಾಗುವುದೂ ಅಪರೂಪ. ದಿನನಿತ್ಯದ ಬದುಕಿನಲ್ಲಿ ಮಾತ್ರ ಈ ಸಂಖ್ಯೆ ಸುಮಾರು 7. ಈ ಅಂತರಕ್ಕೆ ಮುಖ್ಯ ಕಾರಣ ಮರೆತ ಮಾತ್ರೆಗಳು.

ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ಕೊಡುವ ‘ಮಾಲಾ-ಎನ್’ ಅನ್ನೇ ತಗೊಳ್ಳೋಣ. ಒಂದು ಸ್ಟ್ರಿಪ್‌ನಲ್ಲಿ 28 ಮಾತ್ರೆ. ಅದರಲ್ಲಿ 21 ಬಿಳಿ ಮಾತ್ರೆಗಳಲ್ಲಿ ಈಸ್ಟ್ರೋಜೆನ್ ಮತ್ತು ಪ್ರೊಜೆಸ್ಟಿನ್ ಎಂಬ ಎರಡು ಹಾರ್ಮೋನ್ ಇರುತ್ತವೆ. ಉಳಿದ 7 ಬರೀ ಕಬ್ಬಿಣಾಂಶದ ಮಾತ್ರೆ. ಈ 7ರಲ್ಲಿ ಒಂದು ಮರೆತರೆ ಗರ್ಭ ತಡೆಯುವ ವಿಷಯದಲ್ಲಿ ಏನೂ ವ್ಯತ್ಯಾಸವಾಗಲ್ಲ. ಬಿಸಾಡಿ ಮುಂದುವರಿಯಬಹುದು. ಲೆಕ್ಕ ಹಾಕಬೇಕಾದದ್ದು ಬಿಳಿ ಮಾತ್ರೆಗಳದ್ದು.

ಬಿಳಿ ಮಾತ್ರೆಗಳು ಅಂಡಾಶಯವನ್ನು ಸುಮ್ಮನೆ ಕೂರಿಸುತ್ತವೆ, ಅಂಡ ಬಿಡುಗಡೆಯಾಗಲ್ಲ. ಹಾಗೆ ಕೂರಿಸೋಕೆ ಸತತ 7 ಬಿಳಿ ಮಾತ್ರೆ ಬೇಕು. ಕಬ್ಬಿಣದ ಮಾತ್ರೆಯ ವಾರದಲ್ಲಿ ಹಾರ್ಮೋನ್ ಇಲ್ಲದ ಕಾರಣ ಅಂಡಾಶಯ ನಿಧಾನಕ್ಕೆ ಏಳಲು ಶುರುಮಾಡುತ್ತದೆ. 7 ದಿನದ ಬಿಡುವು ಸುರಕ್ಷಿತ. ಅದು 9 ದಿನಕ್ಕೆ ಹಿಗ್ಗಿದರೆ ಅಂಡ ಬಿಡುಗಡೆಯಾಗುವ ಸಾಧ್ಯತೆ ಇದೆ. ಅದಕ್ಕೇ ಎಲ್ಲಕ್ಕಿಂತ ಅಪಾಯಕಾರಿ ಮರೆವು ಅಂದ್ರೆ ಹೊಸ ಸ್ಟ್ರಿಪ್ ತಡವಾಗಿ ಶುರುಮಾಡುವುದು.

ಹಾಗಾದರೆ ‘ಒಂದೇ ಹೊತ್ತು’ ಯಾಕೆ? ಮುಖ್ಯವಾಗಿ ನೆನಪಿರಲಿ ಅಂತ. ಈ ಮಾತ್ರೆಯಲ್ಲಿ ಒಂದೆರಡು ಗಂಟೆ ಆಚೀಚೆ ಆದರೆ ರಕ್ಷಣೆ ಹೋಗಲ್ಲ. ಬುಧವಾರ ರಾತ್ರಿ 9ಕ್ಕೆ ತಗೊಳ್ಳಬೇಕಿದ್ದದ್ದು ಗುರುವಾರ ಬೆಳಗ್ಗೆ ನೆನಪಾಯ್ತು ಅಂದ್ಕೊಳ್ಳಿ. ನೆನಪಾದ ಕೂಡಲೇ ಅದನ್ನು ನುಂಗಿ, ಆ ರಾತ್ರಿಯದನ್ನು 9ಕ್ಕೇ ತಗೊಳ್ಳಿ. ಒಂದೇ ದಿನ ಎರಡಾದರೂ ಪರವಾಗಿಲ್ಲ, ಹೆಚ್ಚೆಂದರೆ ಸ್ವಲ್ಪ ವಾಕರಿಕೆ. ತಗೊಳ್ಳಬೇಕಿದ್ದ ಹೊತ್ತಿನಿಂದ 48 ಗಂಟೆ ದಾಟುವವರೆಗೂ ಇದೇ ನಿಯಮ. ಕಾಂಡೋಮ್ ಬೇಕಿಲ್ಲ.

48 ಗಂಟೆ ಆಯ್ತು, ಅಂದ್ರೆ ಎರಡು ಅಥವಾ ಹೆಚ್ಚು ಬಿಳಿ ಮಾತ್ರೆ ತಪ್ಪಿದವು ಅಂದರೆ ನಿಯಮ ಬದಲಾಗುತ್ತದೆ. ತೀರಾ ಇತ್ತೀಚೆಗೆ ತಪ್ಪಿದ ಒಂದನ್ನು ತಕ್ಷಣ ತಗೊಳ್ಳಿ, ಅದಕ್ಕೂ ಹಿಂದಿನವನ್ನು ಬಿಸಾಡಿ, ಉಳಿದವನ್ನು ಎಂದಿನ ಹೊತ್ತಿಗೆ ಮುಂದುವರಿಸಿ. ಸತತ 7 ಬಿಳಿ ಮಾತ್ರೆ ಮುಗಿಯುವವರೆಗೆ ಕಾಂಡೋಮ್ ಬಳಸಿ, ಇಲ್ಲವೇ ಸಂಭೋಗ ಬೇಡ.

ಒಂದು ಉದಾಹರಣೆ. ಭಾನುವಾರ ರಾತ್ರಿ 9ಕ್ಕೆ ಹೊಸ ಸ್ಟ್ರಿಪ್ ಶುರುವಾಗಬೇಕಿತ್ತು. ಆಶಾ ಕಾರ್ಯಕರ್ತೆ ಹತ್ತಿರ ಸ್ಟಾಕ್ ಇರಲಿಲ್ಲ, ಸಿಕ್ಕಿದ್ದು ಮಂಗಳವಾರ ರಾತ್ರಿ. 7 ದಿನದ ಬಿಡುವು 9 ದಿನವಾಯ್ತು. ಆಕೆ ಮಂಗಳವಾರವೇ ಮೊದಲ ಬಿಳಿ ಮಾತ್ರೆ ತಗೊಂಡು, ಮುಂದಿನ ಸೋಮವಾರದ ಏಳನೇ ಮಾತ್ರೆಯವರೆಗೆ ಕಾಂಡೋಮ್ ಬಳಸಬೇಕು. ಹಿಂದಿನ 5 ದಿನದಲ್ಲಿ ಕಾಂಡೋಮ್ ಇಲ್ಲದೆ ಸೇರಿದ್ದರೆ ತುರ್ತು ಗರ್ಭನಿರೋಧಕ ಮಾತ್ರೆಯ ಬಗ್ಗೆಯೂ ಯೋಚಿಸಬೇಕು. ಅದು 72 ಗಂಟೆಯ ಒಳಗೆ, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. 72 ಗಂಟೆ ದಾಟಿದ್ದರೆ ವೈದ್ಯರನ್ನು ಕಾಣಬೇಕು, 5 ದಿನದವರೆಗೆ ಕಾಪರ್-ಟಿ ಹಾಕಿಸುವ ದಾರಿ ಇದೆ. ಮುಂದಿನ ಮುಟ್ಟು ಬರದಿದ್ದರೆ ಗರ್ಭ ಪರೀಕ್ಷೆ ಮಾಡಿಕೊಳ್ಳಬೇಕು.

ಎರಡು ಮಾತ್ರೆ ತಪ್ಪಿದ್ದು ಮೂರನೇ ವಾರದಲ್ಲಿ, ಅಂದರೆ 15ರಿಂದ 21ನೇ ಮಾತ್ರೆಯ ನಡುವೆ ಆಗಿದ್ದರೆ ಇನ್ನೊಂದು ಹೆಜ್ಜೆ ಇದೆ. ಉಳಿದ ಬಿಳಿ ಮಾತ್ರೆ ಮುಗಿಸಿ, ಕಬ್ಬಿಣದ 7 ಬಿಟ್ಟು, ಮರುದಿನವೇ ಹೊಸ ಸ್ಟ್ರಿಪ್ ಶುರುಮಾಡಬೇಕು. ಮರೆತ ದಿನಗಳಿಗೆ ಬಿಡುವಿನ ವಾರ ಸೇರಿಕೊಳ್ಳದಿರಲಿ ಅಂತ. ಆ ತಿಂಗಳು ಮುಟ್ಟು ಬರದೇ ಇರಬಹುದು, ಅದರಿಂದ ತೊಂದರೆಯಿಲ್ಲ.

ಈ ಲೆಕ್ಕ ಎಲ್ಲ ಮಾತ್ರೆಗೂ ಅಲ್ಲ. ಸರ್ಕಾರವೇ ಕೊಡುವ ‘ಛಾಯಾ’ದಲ್ಲಿ ಹಾರ್ಮೋನ್ ಇಲ್ಲ, ಅದರ ವೇಳಾಪಟ್ಟಿಯೇ ಬೇರೆ. ಪ್ರೊಜೆಸ್ಟಿನ್ ಮಾತ್ರ ಇರುವ ಕೆಲವು ಮಾತ್ರೆಗಳಲ್ಲಿ 3 ಗಂಟೆ ತಡವಾದರೂ ಮರೆತಂತೆಯೇ. ಇನ್ನು, ಬಿಪಿ ಇರುವವರು, ರಕ್ತ ಹೆಪ್ಪುಗಟ್ಟುವ ತೊಂದರೆ ಆದವರು, ಕಣ್ಣ ಮುಂದೆ ಮಿಂಚು ಕಂಡು ಮೈಗ್ರೇನ್ ಬರುವವರು, 35 ದಾಟಿ ಸಿಗರೇಟ್ ಸೇದುವವರು ವೈದ್ಯರನ್ನು ಕೇಳದೆ ಮಾಲಾ-ಎನ್ ಶುರುಮಾಡಬಾರದು.

ಮೂರನೇ ವಾರದ ನಿಯಮವನ್ನು ಇನ್ನೊಮ್ಮೆ ನೋಡಿ. ಅದನ್ನು ಪಾಲಿಸೋಕೆ ಮುಂದಿನ ಸ್ಟ್ರಿಪ್ ಮೊದಲೇ ಕೈಯಲ್ಲಿರಬೇಕು. ತಿಂಗಳಿಗೊಂದೇ ಸ್ಟ್ರಿಪ್ ಕೊಟ್ಟು ಕಳಿಸಿದರೆ ನಿಯಮ ಗೊತ್ತಿದ್ದವಳೂ ಪಾಲಿಸಲಾರಳು. ಮರೆವು ಆಕೆಯದಾಗಿರಬಹುದು. ಆದರೆ ಸ್ಟಾಕ್ ಇಲ್ಲದೆ ಆದ ಎರಡು ದಿನದ ತಡವನ್ನೂ ಅವಳ ಮರೆವಿನ ಲೆಕ್ಕಕ್ಕೇ ಬರೆಯುವುದು ಅನ್ಯಾಯ. ಒಮ್ಮೆಗೆ ಎರಡು ಮೂರು ಸ್ಟ್ರಿಪ್ ಕೇಳಿ ಪಡೆಯಿರಿ, ಜೊತೆಗೆ ಕಾಂಡೋಮ್ ಕೂಡ.